ಒಂಬತ್ತು ಬಣ್ಣ, ಒಂದು ಬಿಳಿ ವೇಲು

ನವರಾತ್ರಿಗೆ ದಿನಕ್ಕೊಂದು ಬಣ್ಣ ಎಂಬುದು ಮೈಸೂರಿನಲ್ಲಿ ಬೆಳೆದ ನನಗೆ ತುಂಬ ತಡವಾಗಿ ತಿಳಿದ ಸಂಗತಿ. ನಮಗೆ ಗೊತ್ತಿದ್ದದ್ದು ಪಟ್ಟದ ಗೊಂಬೆ, ಸಂಜೆಯ ಚರುಪು, ಸರಸ್ವತಿ ಪೂಜೆಗೆ ಪುಸ್ತಕ ಇಟ್ಟು ಓದದೆ ಇರುವ ಸುಖ, ಆಯುಧಪೂಜೆಯ ದಿನ ಸೈಕಲ್ಲಿಗೆ ಕುಂಕುಮ. ಹೊಸ ಬಟ್ಟೆ ಯಾವ ಬಣ್ಣದ್ದಾದರೂ ನಡೆಯುತ್ತಿತ್ತು, ಹೊಸದಾಗಿದ್ದರೆ ಸಾಕಿತ್ತು. ಬೆಂಗಳೂರಿನ ಬ್ಯಾಂಕಿನಲ್ಲಿದ್ದ ಅತ್ತಿಗೆ ಒಂದು ದಸರೆಯಲ್ಲಿ ಇಡೀ ಶಾಖೆಯ ಹೆಂಗಸರು ಹಳದಿ ಉಟ್ಟು ನಿಂತ ಫೋಟೊ ಕಳಿಸಿದಾಗಲೇ ಇಂಥದೊಂದು ಪಟ್ಟಿ ಇದೆ ಎಂದು ಗೊತ್ತಾದದ್ದು. ಆ ಪಟ್ಟಿಯನ್ನು ಹಿಡಿದುಕೊಂಡು ಒಂಬತ್ತು ದಿನ ಒಂದು ಅಂಗಡಿಯ ಪರವಾಗಿ ಬರೆಯುವ ಕೆಲಸ ನನಗೆ ಸಿಕ್ಕಿದ್ದು 2025ರ ಸೆಪ್ಟೆಂಬರಿನಲ್ಲಿ, ಫರೀದಾಬಾದಿನಲ್ಲಿ.

ನಾನಿರುವುದು ಎನ್‌ಐಟಿಯ ಪಾಂಚ್ ನಂಬರಿನಲ್ಲಿ. ದೇಶ ವಿಭಜನೆಯ ನಂತರ ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರಿಗಾಗಿ ಕಟ್ಟಿದ ಬಡಾವಣೆಗಳು ಇವು. ನಂಬರೇ ಹೆಸರು. ಮಾಲಕಿ ಆಂಟೀಜಿ ಮೊದಲ ಮಹಡಿಯಲ್ಲಿ, ನಾನು ಎರಡನೆಯದರಲ್ಲಿ, ಕೆಳಗೆ ಅವರ ಬೊಟೀಕ್. ಬೊಟೀಕ್ ಎಂದರೆ ಒಂದು ಗಾಜಿನ ಬಾಗಿಲು, ಎರಡು ಹೊಲಿಗೆ ಯಂತ್ರ, ಕತ್ತರಿಸುವ ಮಾಸ್ಟರ್‌ಜಿ, ಹೊಲಿಯುವ ಇಬ್ಬರು ಕಾರೀಗರರು. ಕುರ್ತಾ, ಸೂಟು, ಬ್ಲೌಸು ಹೊಲಿದು ಕೊಡುತ್ತಾರೆ. ಸ್ವಲ್ಪ ಸಿದ್ಧ ಉಡುಪೂ ಇರುತ್ತದೆ.

ಇಲ್ಲಿ ನವರಾತ್ರಿಗೆ ಮುಂಚಿನ ಹದಿನೈದು ದಿನ ಶ್ರಾದ್ಧ, ನಮ್ಮ ಪಿತೃಪಕ್ಷ. ಆ ಹದಿನೈದು ದಿನ ಯಾರೂ ಹೊಸ ಬಟ್ಟೆ ಕೊಳ್ಳುವುದಿಲ್ಲ, ಹೊಲಿಯಲು ಕೊಡುವುದೂ ಅಪರೂಪ. ಆ ವರ್ಷ ಬೇಸಿಗೆಯೂ ಸಪ್ಪೆಯಾಗಿ ಹೋಗಿತ್ತು. ನವರಾತ್ರಿಯಲ್ಲಿ ಕೆಲಸ ಬರದಿದ್ದರೆ ಎರಡನೇ ಕಾರೀಗರನನ್ನು ಊರಿಗೆ ಕಳಿಸಿಬಿಡುವುದು ಎಂದು ಆಂಟೀಜಿ ಮತ್ತು ಮಾಸ್ಟರ್‌ಜಿ ತೀರ್ಮಾನಿಸಿದ್ದರು. ಹುಡುಗನಿಗೂ ಅದು ಗೊತ್ತಿತ್ತು. "ಬೇಟಾ, ನಿನಗೆ ಬರೆಯಲು ಬರುತ್ತದೆ. ಒಂಬತ್ತು ದಿನ, ಒಂಬತ್ತು ಬಣ್ಣ, ಒಂಬತ್ತು ಪೋಸ್ಟ್. ಮಾಡಿಕೊಡು" ಎಂದರು ಆಂಟೀಜಿ. ನಾನು ನೆಹರೂ ಪ್ಲೇಸಿನ ಆಫೀಸಿಗೆ ಹೋಗಿಬರುವ ಮೆಟ್ರೋದಲ್ಲಿ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ.

ಬರೆಯುವ ಮೊದಲು ಆ ಪಟ್ಟಿ ಎಲ್ಲಿಂದ ಬಂತು ಎಂದು ತಿಳಿಯಬೇಕೆನಿಸಿತು. ಇದು ಯಾವ ಪುರಾಣದ್ದೂ ಅಲ್ಲ, ಮುಂಬಯಿಯದು. 2000ರ ದಶಕದ ಮೊದಲ ವರ್ಷಗಳಲ್ಲಿ ಮರಾಠಿ ದಿನಪತ್ರಿಕೆ 'ಮಹಾರಾಷ್ಟ್ರ ಟೈಮ್ಸ್' ನವರಾತ್ರಿಗೆ ದಿನಕ್ಕೊಂದು ಬಣ್ಣವನ್ನು ಪ್ರಕಟಿಸಿ, ಆ ಬಣ್ಣ ಉಟ್ಟ ಹೆಂಗಸರ ಗುಂಪಿನ ಫೋಟೊಗಳನ್ನು ಕಳಿಸಿ ಎಂದು ಓದುಗರನ್ನು ಕರೆಯಿತು. ಆಗ ಅದರ ಸಂಪಾದಕರಾಗಿದ್ದವರು ಭಾರತ್‌ಕುಮಾರ್ ರಾವುತ್. ಲೋಕಲ್ ರೈಲಿನ ಲೇಡೀಸ್ ಡಬ್ಬಿಗಳಿಂದ, ಆಫೀಸುಗಳಿಂದ, ಆಸ್ಪತ್ರೆಗಳಿಂದ ಫೋಟೊಗಳು ಬಂದವು. ಪತ್ರಿಕೆಯ ಆಟ ಪದ್ಧತಿಯಾಯಿತು. ಫೋನುಗಳು ಬಂದಮೇಲೆ ಅದು ಬೆಂಗಳೂರಿಗೂ ಬಂತು, ಫರೀದಾಬಾದಿಗೂ ಬಂತು.

ಹೀಗೆ ಹಬ್ಬಿರುವ ಪಟ್ಟಿಗಳನ್ನು ಎರಡು ಮೂರು ವರ್ಷದವು ಒಟ್ಟಿಗಿಟ್ಟು ನೋಡಿದರೆ ಅದರ ಗುಟ್ಟು ಸುಲಭವಾಗಿ ಕಾಣುತ್ತದೆ. ಬಣ್ಣ ತಿಥಿಗೆ ಅಂಟಿಕೊಂಡಿಲ್ಲ, ವಾರಕ್ಕೆ ಅಂಟಿಕೊಂಡಿದೆ. ಭಾನುವಾರ ಕಿತ್ತಳೆ, ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಗಾಢ ನೀಲಿ, ಗುರುವಾರ ಹಳದಿ, ಶುಕ್ರವಾರ ಹಸಿರು, ಶನಿವಾರ ಬೂದು. ಹಬ್ಬ ಯಾವ ವಾರ ಶುರುವಾಗುತ್ತದೋ ಅಲ್ಲಿಂದ ಏಳು ದಿನ ಈ ಲೆಕ್ಕ. ಉಳಿದ ಎರಡು ದಿನಕ್ಕೆ ಗುಲಾಬಿ, ನೇರಳೆ, ನವಿಲು ಹಸಿರು, ಈ ಮೂರರಲ್ಲಿ ಎರಡು. 2023ರಲ್ಲಿ ಹಬ್ಬ ಭಾನುವಾರ ಶುರುವಾದ್ದರಿಂದ ಮೊದಲ ದಿನ ಕಿತ್ತಳೆ, 2024ರಲ್ಲಿ ಗುರುವಾರವಾದ್ದರಿಂದ ಹಳದಿ, 2025ರಲ್ಲಿ ಸೋಮವಾರವಾದ್ದರಿಂದ ಬಿಳಿ.

ಇದು ತಿಳಿದ ಮೇಲೆ ಒಂದು ವಿಷಯ ಖಚಿತವಾಯಿತು. ಮೊದಲ ದಿನದ ದೇವಿ ಶೈಲಪುತ್ರಿ, ಅವಳಿಗೆ ಬಿಳಿ ಬಣ್ಣ ಪ್ರಿಯ ಎಂದೆಲ್ಲ ಬರೆಯುವುದು ಬೇಡ. ಇದೇ ಶೈಲಪುತ್ರಿಗೆ ಹೋದ ವರ್ಷ ಹಳದಿ, ಅದರ ಹಿಂದಿನ ವರ್ಷ ಕಿತ್ತಳೆ ಪ್ರಿಯವಾಗಿತ್ತಲ್ಲ! ಆಂಟೀಜಿಗೆ ಹೇಳಿದೆ. ಅವರು ಒಂಬತ್ತು ದಿನವೂ ಉಪವಾಸ ಮಾಡುವವರು, ಆದರೂ ಕದಲಲಿಲ್ಲ. "ದೇವಿಗೆ ಯಾವ ಬಣ್ಣವಾದರೂ ಆಗುತ್ತದೆ. ಯಾವ ವಾರಕ್ಕೆ ಯಾವುದು ಅನ್ನುವುದನ್ನು ಮಾತ್ರ ಸರಿಯಾಗಿ ಬರಿ" ಎಂದರು.

ಹೋದ ವರ್ಷವೂ ಅಂಗಡಿಯ ಹೆಸರಿನಲ್ಲಿ ಒಂಬತ್ತು ಪೋಸ್ಟ್ ಬಂದಿದ್ದವು. ಆಂಟೀಜಿಯ ಪರಿಚಯದ ಹುಡುಗನೊಬ್ಬ ದಿನಾ ಬೆಳಿಗ್ಗೆ ಆ ದಿನದ ಬಣ್ಣದ ಒಂದು ಉಡುಪಿನ ಚಿತ್ರ ಹಾಕಿ ಶುಭಾಶಯ ಬರೆದಿದ್ದ. ಹೃದಯದ ಗುರುತುಗಳು ಬೇಕಾದಷ್ಟು ಬಿದ್ದವು, ಒಂದು ಕುರ್ತಾವೂ ಹೋಗಲಿಲ್ಲ. ಯಾಕೆಂದು ಯೋಚಿಸಿದರೆ ಆಶ್ಚರ್ಯವೇನಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹಳದಿ ಚಿತ್ರ ನೋಡುವ ಹೆಂಗಸು ಆಗಲೇ ಹಳದಿ ಉಟ್ಟು ಮನೆ ಬಿಟ್ಟಿರುತ್ತಾಳೆ. ಈ ಒಂಬತ್ತು ಬಣ್ಣದ ಆಟ ಇಷ್ಟು ಹಬ್ಬಿದ್ದೇ ಎಲ್ಲರ ಬೀರುವಿನಲ್ಲೂ ಒಂದು ಹಳದಿ, ಒಂದು ಹಸಿರು ಇದ್ದೇ ಇರುತ್ತದೆ ಎಂಬ ಕಾರಣಕ್ಕೆ. ಯಾರೂ ಏನೂ ಕೊಳ್ಳಬೇಕಾಗಿಲ್ಲ. ಆದ್ದರಿಂದ ಅಂಗಡಿಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಅವಳ ಬೀರುವಿನಲ್ಲಿ ಇಲ್ಲದ್ದೇನು, ಮತ್ತು ಅದನ್ನು ಅವಳಿಗೆ ಯಾವಾಗ ಹೇಳಬೇಕು?

ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವರು ಮಾಸ್ಟರ್‌ಜಿ. "ಸೂಟು ಬೇಡ, ದುಪಟ್ಟಾ ಕೊಡಿ." ನಮ್ಮೂರಲ್ಲಿ ವೇಲು ಅನ್ನುತ್ತೇವಲ್ಲ, ಅದು. ಬಿಳಿ ಅಥವಾ ಕೆನೆ ಬಣ್ಣದ ಒಂದು ಕುರ್ತಾ ಎಲ್ಲರಲ್ಲೂ ಇರುತ್ತದೆ. ಅದರ ಮೇಲೆ ಆಯಾ ದಿನದ ಬಣ್ಣದ ವೇಲು ಹೊದ್ದರೆ ಆ ದಿನ ಮುಗಿಯಿತು. ಆದರೆ ಒಂಬತ್ತು ಬಣ್ಣದ ವೇಲುಗಳನ್ನು ತಂದು ಪೇರಿಸಿಟ್ಟರೆ ಯಾವ ಬಣ್ಣ ಎಷ್ಟು ಹೋಗುತ್ತದೆಂದು ಯಾರಿಗೆ ಗೊತ್ತು? ಉಳಿದದ್ದು ವರ್ಷವಿಡೀ ಕಪಾಟಿನಲ್ಲಿ ಕೂರುತ್ತದೆ. ಅದಕ್ಕೂ ಅವರ ಬಳಿ ಉತ್ತರವಿತ್ತು. ಬಿಳಿಯವನ್ನೇ ತನ್ನಿ, ಆರ್ಡರ್ ಬಂದಷ್ಟಕ್ಕೆ ಬಣ್ಣ ಹಾಕಿಸೋಣ.

ಇಲ್ಲಿಯ ಮಾರ್ಕೆಟ್ಟುಗಳಲ್ಲಿ ಬಣ್ಣ ಹಾಕುವವರು ಇನ್ನೂ ಇದ್ದಾರೆ. ಕರ್ನಾಟಕದಲ್ಲಿ ನಾನು ಇವರನ್ನು ಬೀದಿಯಲ್ಲಿ ಕಂಡದ್ದಿಲ್ಲ. ಒಂದು ಗ್ಯಾಸ್ ಒಲೆ, ಕುದಿಯುವ ನೀರಿನ ಅಲ್ಯೂಮಿನಿಯಂ ಪಾತ್ರೆ, ಡಬ್ಬಿಗಳಲ್ಲಿ ಬಣ್ಣದ ಪುಡಿ, ಒಂದು ಕೋಲು. ನೀವು ಸೂಟಿನ ಚೂರು ಬಟ್ಟೆ ಕೊಟ್ಟರೆ, ಇಲ್ಲಿಯವರು ಕತರನ್ ಅನ್ನುತ್ತಾರೆ, ಅದಕ್ಕೆ ಹೊಂದುವ ಹಾಗೆ ಬಿಳಿ ವೇಲನ್ನು ಅದ್ದಿ ಕೊಡುತ್ತಾರೆ. ಚಿಟಿಕೆ ಚಿಟಿಕೆಯಾಗಿ ಎರಡು ಮೂರು ಪುಡಿ ಬೆರೆಸಿ, ಉಪ್ಪು ಹಾಕಿ, ಬಟ್ಟೆಯನ್ನು ಬಿಡದೆ ತಿರುವುತ್ತಿರುತ್ತಾರೆ. ತಿರುವುದು ನಿಲ್ಲಿಸಿದರೆ ಮಡಿಕೆಯಲ್ಲಿ ಗೀಟು ಬೀಳುತ್ತದೆ. ಒದ್ದೆ ಬಟ್ಟೆ ಯಾವಾಗಲೂ ಗಾಢವಾಗಿ ಕಾಣುವುದರಿಂದ ಒಂದು ಮೂಲೆಯನ್ನು ಹಿಂಡಿ, ಬಿಸಿ ತಾಗಿಸಿ ಒಣಗಿಸಿ, ಆಮೇಲೆ ಕತರನ್ನಿನ ಪಕ್ಕ ಹಿಡಿದು ನೋಡುತ್ತಾರೆ. ಸಾಲದಿದ್ದರೆ ಮತ್ತೆ ಪಾತ್ರೆಗೆ.

ಈ ಕೆಲಸಕ್ಕೆ ಎಲ್ಲ ಬಿಳಿಯೂ ಬರುವುದಿಲ್ಲ. ಹತ್ತಿ ಮಲ್‌ಮಲ್ ಮತ್ತು ವಿಸ್ಕೋಸ್ ಜಾರ್ಜೆಟ್ ಈ ಬಣ್ಣವನ್ನು ಹಿಡಿಯುತ್ತವೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಎಷ್ಟು ಕುದಿಸಿದರೂ ಅದು ಮಾಸಲಾಗಿ ಹೊರಬರುತ್ತದೆ. ಅಂಗಡಿಯವರು ಬಣ್ಣ ಹಿಡಿಯುವ ಬಟ್ಟೆಗೆ 'ಡೈಯೇಬಲ್' ಎಂದೇ ಹೇಳಿ ಮಾರುತ್ತಾರೆ, ಆದರೆ ಕಣ್ಣಿಗೆ ಎರಡೂ ಜಾರ್ಜೆಟ್ ಒಂದೇ ಥರ. ಆಂಟೀಜಿ ಮೆಟ್ರೋ ಹತ್ತಿ ದಿಲ್ಲಿಯ ಚಾಂದನಿ ಚೌಕಿನ ಕಟ್ರಾ ನೀಲ್‌ಗೆ ಹೋಗಿ ಅರವತ್ತು ವೇಲು ತಂದರು. ಮಾಸ್ಟರ್‌ಜಿ ಪ್ರತಿ ಕಟ್ಟಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿದರು. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾದರೆ ಸರಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎಲ್ಲ ಕಟ್ಟುಗಳೂ ಬೂದಿಯಾದವು. ಆಂಟೀಜಿ ಆಮೇಲೆಯೇ ಚಹಾ ಕುಡಿದದ್ದು.

ಎರಡನೇ ಪ್ರಶ್ನೆ, ಯಾವಾಗ ಹೇಳುವುದು, ನನ್ನ ಪಾಲಿನದು. ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಗುರುವಾರ ಹಳದಿ ಹೊದೆಯಬೇಕಾದವಳಿಗೆ ವೇಲು ಬುಧವಾರ ಸಂಜೆ ಕೈಗೆ ಸಿಗಬೇಕು. ಹಾಗಾದರೆ ಬುಧವಾರ ಮಧ್ಯಾಹ್ನ ಅದು ಪಾತ್ರೆಗೆ ಬೀಳಬೇಕು, ಆಮೇಲೆ ಒಣಗಿ, ಅಂಚಿಗೆ ಪೀಕೋ ಆಗಬೇಕು. ಅಂದರೆ ಬುಧವಾರ ಹನ್ನೆರಡರೊಳಗೆ ಆರ್ಡರ್ ಬರಬೇಕು. ಅದಕ್ಕೆ ಮಂಗಳವಾರ ಸಂಜೆ ಏಳಕ್ಕೆ ಪೋಸ್ಟ್ ಹೋಗಬೇಕು. ವಾಟ್ಸಾಪ್ ಸ್ಟೇಟಸ್ 24 ಗಂಟೆ ಇರುತ್ತದೆ. ಏಳಕ್ಕೆ ಹಾಕಿದರೆ ಸಂಜೆಯ ಬಿಡುವಿನಲ್ಲಿ ನೋಡುವವರಿಗೂ ಬೆಳಿಗ್ಗೆ ನೋಡುವವರಿಗೂ ಸಿಗುತ್ತದೆ. ಹೀಗೆ ಪ್ರತಿ ಬಣ್ಣವೂ ಎರಡು ಸಂಜೆ ಮೊದಲೇ.

ಇದರಿಂದ ಒಂದು ತೊಡಕು ಹುಟ್ಟಿತು. ಸೋಮವಾರ 22ರ ಬಿಳಿಗೆ ಶನಿವಾರ 20ರಂದೇ ಪೋಸ್ಟ್ ಹೋಗಬೇಕು, ಅದು ಶ್ರಾದ್ಧದ ದಿನ. ಭಾನುವಾರ ಅಮಾವಾಸ್ಯೆ, ನಮ್ಮ ಮಹಾಲಯ. ಆಂಟೀಜಿ ಒಂದು ಇಡೀ ದಿನ ಯೋಚಿಸಿ ತೀರ್ಪು ಕೊಟ್ಟರು: ತೋರಿಸುವುದರಲ್ಲಿ ದೋಷವಿಲ್ಲ, ಸೋಮವಾರದವರೆಗೆ ದುಡ್ಡು ಮುಟ್ಟುವುದಿಲ್ಲ. ಅದೃಷ್ಟಕ್ಕೆ ಮೊದಲೆರಡು ದಿನ ಬಿಳಿ ಮತ್ತು ಕೆಂಪು. ಬಿಳಿಗೆ ಬಣ್ಣ ಹಾಕಿಸಬೇಕಾಗಿಲ್ಲ, ಕೆಂಪು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿದ್ಧ ಇರುತ್ತದೆ. ಸೋಮವಾರ ಬೆಳಿಗ್ಗೆ ಏಳಕ್ಕೆ, ದೇವಿಗೆ ಜೋತ್ ಹಚ್ಚಿದ ಮೇಲೆ, ಅಂಗಡಿ ತೆರೆದು ಬಿಳಿ ವೇಲುಗಳನ್ನು ಕೊಟ್ಟರು.

ಪೋಸ್ಟಿನಲ್ಲಿ ನಾನು ಬರೆದದ್ದು ತೀರ ಸ್ವಲ್ಪ. ಹಳದಿಯದು ಹೀಗಿತ್ತು: "ಗುರುವಾರ, 25. ಹಳದಿ. ನಿಮ್ಮ ಬಿಳಿ ಕುರ್ತಾ ಸಾಕು, ವೇಲು ನಾವು ಕೊಡುತ್ತೇವೆ. ನಾಳೆ ಮಧ್ಯಾಹ್ನ 12ರೊಳಗೆ ಹೇಳಿ, ಸಂಜೆ 6ಕ್ಕೆ ಒಯ್ಯಿರಿ. 350 ರೂಪಾಯಿ. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಬಣ್ಣ ಬಿಡುತ್ತದೆ." ಕೊನೆಯ ಸಾಲು ಬೇಡ ಎಂದು ಆಂಟೀಜಿ ವಾದಿಸಿದರು. ಆದರೆ ಹೀಗೆ ಹಾಕಿದ ಬಣ್ಣ ಮೊದಲ ಒಗೆತದಲ್ಲಿ ಬಿಟ್ಟೇ ಬಿಡುತ್ತದೆ, ಜೊತೆಗಿರುವುದು ಗಿರಾಕಿಯ ಬಿಳಿ ಕುರ್ತಾ. ಅದು ಹಾಳಾದರೆ ಅವಳು ಮತ್ತೆ ಬರುವುದಿಲ್ಲ ಎಂದೆ. ಸಾಲು ಉಳಿಯಿತು. ವಾರ ಮತ್ತು ತಾರೀಖನ್ನು ಎಲ್ಲಕ್ಕಿಂತ ದೊಡ್ಡದಾಗಿ ಹಾಕಿದ್ದೂ ಬೇಕೆಂದೇ. ಎರಡು ದಿನ ಮೊದಲು ಬಂದ ಬಣ್ಣವನ್ನು ಇವತ್ತಿನದು ಎಂದು ಯಾರೂ ತಿಳಿಯಬಾರದು.

ಬರೆಯುವುದಕ್ಕಿಂತ ಫೋಟೊ ತೆಗೆಯುವುದು ಕಷ್ಟವಾಯಿತು. ಬಣ್ಣವನ್ನೇ ಮಾರುವಾಗ ಫೋನು ಸುಳ್ಳು ಹೇಳಿದರೆ ಎಲ್ಲವೂ ಕೆಟ್ಟಂತೆ. ಕ್ಯಾಮೆರಾ ತನ್ನ ಮುಂದಿರುವುದನ್ನೆಲ್ಲ ಮಧ್ಯಮ ಬೆಳಕಿಗೆ ಎಳೆಯುತ್ತದೆ. ಹಾಗಾಗಿ ಬಿಳಿ ಬಟ್ಟೆ ಚೌಕಟ್ಟು ತುಂಬಿದರೆ ಮಂಕು ಬೂದಿಯಾಗಿ ಬರುತ್ತದೆ. ಪರದೆಯ ಮೇಲೆ ಬಟ್ಟೆಯನ್ನು ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಸರಿಸಬೇಕು. ಕೆಂಪಿಗೆ ಕೆಳಕ್ಕೆ ಸರಿಸಬೇಕು, ಇಲ್ಲದಿದ್ದರೆ ನೇಯ್ಗೆ, ನೆರಿಗೆ ಎಲ್ಲ ಕರಗಿ ಒಂದೇ ಕೆಂಪು ತೇಪೆಯಾಗಿ ಕಾಣುತ್ತದೆ. ಟ್ಯೂಬ್‌ಲೈಟ್ ಆರಿಸಿ, ಗಾಜಿನ ಬಾಗಿಲ ಬಳಿ ಹಗಲು ಬೆಳಕಿನಲ್ಲಿ, ನೇರ ಬಿಸಿಲು ತಾಗದ ಕಡೆ ತೆಗೆದೆವು. ತೆಗೆದ ಮೇಲೆ ಫೋನನ್ನು ಬಟ್ಟೆಯ ಪಕ್ಕ ಹಿಡಿದು ನೋಡುವುದು, ಬೇರೆಯಾಗಿ ಕಂಡರೆ ಅಳಿಸುವುದು.

ಇಷ್ಟಾದರೂ ನವಿಲು ಹಸಿರು ಹಠ ಹಿಡಿಯಿತು. ಆಂಟೀಜಿಯ ಫೋನಿನಲ್ಲಿ ನೀಲಿ, ನನ್ನದರಲ್ಲಿ ಹಸಿರು. ನೋಡುವವರ ಪರದೆಗಳನ್ನು ತಿದ್ದಲು ನಮ್ಮಿಂದಾಗದು. ಅದಕ್ಕೇ ಪ್ರತಿ ಬಣ್ಣದ ಪಕ್ಕ ಎಲ್ಲರಿಗೂ ಗೊತ್ತಿರುವ ಒಂದು ವಸ್ತು ಇಟ್ಟೆವು. ಹಳದಿಯ ಪಕ್ಕ ನಿಂಬೆಹಣ್ಣು, ಹಸಿರಿನ ಪಕ್ಕ ಮೆಣಸಿನಕಾಯಿ, ಕಿತ್ತಳೆಯ ಪಕ್ಕ ಚೆಂಡುಹೂವು, ನವಿಲು ಹಸಿರಿನ ಪಕ್ಕ ಪೂಜೆ ಮನೆಯ ನವಿಲುಗರಿ. ಪರದೆ ನಿಂಬೆಯನ್ನು ತಪ್ಪಾಗಿ ತೋರಿಸಿದರೆ ವೇಲನ್ನೂ ಅಷ್ಟೇ ತಪ್ಪಾಗಿ ತೋರಿಸುತ್ತದೆ. ನಿಂಬೆ ನಿಜವಾಗಿ ಹೇಗಿರುತ್ತದೆಂದು ಬಲ್ಲ ಕಣ್ಣು ಉಳಿದದ್ದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಶನಿವಾರದ ಬೂದು ಬಣ್ಣ ಬಂದಾಗ ಈ ಪಟ್ಟಿ ಇಲ್ಲಿಯದಲ್ಲ ಎಂಬುದು ಚೆನ್ನಾಗಿ ಕಂಡಿತು. ನನ್ನ ಮೆಟ್ರೋ ದಾರಿಯಲ್ಲಿ ನೆಹರೂ ಪ್ಲೇಸಿಗೆ ಒಂದು ನಿಲ್ದಾಣ ಮೊದಲು ಕಾಲ್ಕಾಜಿ ಮಂದಿರ. ನವರಾತ್ರಿಯಲ್ಲಿ ಅರ್ಧ ಡಬ್ಬಿ ಅಲ್ಲೇ ಇಳಿಯುತ್ತದೆ. ಅವರ ತಲೆಯ ಮೇಲೆ ದಿನಾ ಒಂದೇ ಬಣ್ಣ: ಕೆಂಪು, ಅಂಚಿಗೆ ಚಿನ್ನದ ಗೋಟಾ. ಮಾತಾಳ ಚುನ್ನಿ ಎಂದರೆ ಕೆಂಪು. ಒಂಬತ್ತು ಬಣ್ಣ ಆಫೀಸಿನವರದು, ಸೊಸೈಟಿಯ ಹೆಂಗಸರ ಕೂಟದ್ದು. ಪೂಜೆಗೆ ಹೊರಟವರು ಬೂದಿಯನ್ನು ಮುಟ್ಟುವುದಿಲ್ಲ, ಶನಿವಾರ ಬಹಳ ಆಫೀಸುಗಳಿಗೆ ರಜೆ. ಅದರ ಮೇಲೆ ಬಣ್ಣದವನಿಗೂ ಅದೇ ಕಷ್ಟದ್ದು. ಕಪ್ಪನ್ನು ತೆಳು ಮಾಡಿದರೆ ಅದರೊಳಗಿನ ನೀಲಿಯೋ ಹಸಿರೋ ಮೇಲೆ ಬಂದುಬಿಡುತ್ತದೆ. ಬೂದಿಗೆ ಬಂದ ಆರ್ಡರ್ ಎರಡು. ಎರಡನ್ನೇ ಅದ್ದಿಸಿದೆವು. ಉಳಿದ ಬಿಳಿ ಬಿಳಿಯಾಗಿಯೇ ಉಳಿಯಿತು.

ಆ ವರ್ಷ ಪಂಚಾಂಗವೂ ಒಂದು ಆಟ ಆಡಿತು. ತದಿಗೆ ಎರಡು ದಿನ ಬಂದು ಹಬ್ಬ ಒಂದು ದಿನ ಉದ್ದವಾಯಿತು. ಮೈಸೂರಿನಲ್ಲಿ ದಸರಾ ಹನ್ನೊಂದು ದಿನದ್ದಾಯಿತಲ್ಲ, ಅದಕ್ಕೇ. ಒಂಬತ್ತನೇ ಬಣ್ಣ ಗುಲಾಬಿ ಸೆಪ್ಟೆಂಬರ್ 30ಕ್ಕೆ ಮುಗಿದುಹೋಯಿತು, ಆದರೆ ಅಂದು ಇನ್ನೂ ಅಷ್ಟಮಿ. ನವಮಿ ಮರುದಿನ. ನವಮಿಗೆ ಯಾವ ಬಣ್ಣ ಎಂದು ಫೋನಿನ ಮೇಲೆ ಫೋನು. ಆಂಟೀಜಿ ತಡಮಾಡದೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಕೆಂಪು. ಮನೆಗೆ ಕಂಜಕ್ ಹುಡುಗಿಯರು ಬರುತ್ತಾರೆ, ಇನ್ನೇನು ಉಡುತ್ತೀರಿ?"

ಹಬ್ಬ ಮುಗಿದ ಮೇಲೆ ಹೊಲಿಗೆಯ ರಿಜಿಸ್ಟರಿನ ಕೊನೆಯ ಪುಟದಲ್ಲಿ ಲೆಕ್ಕ ಬರೆದೆವು. ಬಿಳಿ ಐದು, ಕೆಂಪು ಆರು, ನೀಲಿ ಏಳು, ಹಳದಿ ಎಂಟು, ಹಸಿರು ನಾಲ್ಕು, ಬೂದು ಎರಡು, ಕಿತ್ತಳೆ ಐದು, ನವಿಲು ಹಸಿರು ಮೂರು, ಗುಲಾಬಿ ಆರು. ಒಟ್ಟು ನಲವತ್ತಾರು. ಬಿಳಿ ವೇಲಿಗೆ 140, ಬಣ್ಣಕ್ಕೆ 70, ಪೀಕೋಗೆ 20 ಕಳೆದರೆ ಒಂದಕ್ಕೆ ಉಳಿದದ್ದು 120 ರೂಪಾಯಿ. ಅಷ್ಟರಿಂದ ಒಬ್ಬ ಕಾರೀಗರನ ತಿಂಗಳ ಸಂಬಳ ಹುಟ್ಟುವುದಿಲ್ಲ.

ಅದು ಹುಟ್ಟಿದ್ದು ರಿಜಿಸ್ಟರಿನ ಮುಂದಿನ ಪುಟಗಳಲ್ಲಿ. ಸಂಜೆ ಆರಕ್ಕೆ ವೇಲು ಒಯ್ಯಲು ಬಂದವರು ಅಂಗಡಿಯೊಳಗೆ ಐದು ನಿಮಿಷ ನಿಲ್ಲಲೇಬೇಕಿತ್ತು. ನಿಂತವರಲ್ಲಿ ಹನ್ನೊಂದು ಮಂದಿ ಕರ್ವಾ ಚೌತ್‌ಗೆ, ದೀಪಾವಳಿಗೆ ಸೂಟು ಹೊಲಿಸಲು ಅಳತೆ ಕೊಟ್ಟುಹೋದರು. ಮನೆಗೆ ತಲುಪಿಸುತ್ತೇವೆ ಎಂದು ಪೋಸ್ಟಿನಲ್ಲಿ ಬರೆಯಬೇಡ ಎಂದು ಆಂಟೀಜಿ ಮೊದಲೇ ಯಾಕೆ ಹೇಳಿದ್ದರೆಂದು ನನಗೆ ಆಗ ಅರ್ಥವಾಯಿತು. ಎರಡನೇ ಕಾರೀಗರ ಊರಿಗೆ ಹೋಗಲಿಲ್ಲ.

ಅರವತ್ತರಲ್ಲಿ ಇಪ್ಪತ್ತು ಬಿಳಿ ವೇಲು ಉಳಿದಿದ್ದವು. ಕೆಂಪಿನ ಆರು ಸಿದ್ಧ ದಾಸ್ತಾನಿನಿಂದ ಹೋಗಿದ್ದವಲ್ಲ. ಒಂಬತ್ತು ಬಣ್ಣದ ಉಡುಪು ತಂದಿದ್ದರೆ ಉಳಿಯುತ್ತಿದ್ದುದು ಯಾರಿಗೂ ಬೇಡದ ಬೂದು. ಉಳಿದದ್ದು ಬಿಳಿಯಾದ್ದರಿಂದ ಅದು ಇನ್ನೂ ಏನು ಬೇಕಾದರೂ ಆಗಬಹುದಿತ್ತು. ಅಕ್ಟೋಬರ್ 10ರ ಕರ್ವಾ ಚೌತ್‌ಗೆ ಅವುಗಳಲ್ಲಿ ಹದಿನಾಲ್ಕು ಕುಂಕುಮಗೆಂಪು, ಮರೂನ್ ಆಗಿ ಹೋದವು. ಉಳಿದ ಆರನ್ನು ಆಂಟೀಜಿ ಮಡಿಸಿ, ಹಳದಿ ಬರದಂತೆ ಕಾಗದ ಸುತ್ತಿ, ಮೇಲೊಂದು ಚೀಟಿ ಅಂಟಿಸಿಟ್ಟಿದ್ದಾರೆ. 2026ರ ನವರಾತ್ರಿ ಅಕ್ಟೋಬರ್ 11, ಭಾನುವಾರ. ಚೀಟಿಯ ಮೇಲೆ ಅವರ ಕೈಬರಹದಲ್ಲಿ ಇರುವುದು ಎರಡೇ ಪದ: ಮೊದಲು ಕಿತ್ತಳೆ.